ಎರಡನೆಯ ತೂಬು

"ಏಯ್ ವಡ್ಡ! ನಿಲ್ಸೋ ನೀರು! ಮೇಲಿಂದ ಕೆಸರು ಇಳೀತಿದೆ, ಕಣ್ಣು ಕಾಣ್ಸಲ್ವೇನೋ? ಡರ್ಟಿ ಫೆಲೋ!"

ಡಾಕ್ಟರ್ ಕೃಷ್ಣಸ್ವಾಮಿ ಕತ್ತೆತ್ತಿ ಅರಚುತ್ತಿದ್ದರು. ಅರವತ್ತು ಅಡಿ ಮೇಲೆ, ಬಂಡೆಯಲ್ಲೇ ಕೆತ್ತಿದ ದೊಡ್ಡ ಕಳಶದ ಪಕ್ಕ, ಅಮರೇಶ ಸೊಂಟಕ್ಕೆ ಹಗ್ಗ ಬಿಗಿದು ಜೋತಾಡುತ್ತಿದ್ದ. ಕೈಯಲ್ಲಿ ಡ್ರಿಲ್. ಅದರ ಮೂತಿಗೆ ರಬ್ಬರ್ ಪೈಪಿನಿಂದ ಸಣ್ಣಗೆ ನೀರು ಬೀಳುತ್ತಿತ್ತು. ಕಲ್ಲಿನ ಧೂಳು ಹಾರಲಾರದೆ ಕೆಂಪು ಕೆಸರಾಗಿ ಕಂಬಗಳ ಮೇಲೆ ಇಳಿಯುತ್ತಿತ್ತು.

ಅವನು ಕೊರೆಯುತ್ತಿದ್ದುದು ಗುಂಡೇಟಿನ ತೂತುಗಳನ್ನು. ನಗಬೇಡಿ, ನಿಜ. ಜೋರ್ಡಾನಿನ ಮರಳುಗಾಡಿನಲ್ಲಿ ಪೆಟ್ರಾ ಅಂತ ಒಂದು ಊರಿದೆ. ಎರಡು ಸಾವಿರ ವರ್ಷದ ಹಿಂದೆ ಗುಲಾಬಿಗೆಂಪಿನ ಬೆಟ್ಟವನ್ನೇ ಕಡಿದು ಮಾಡಿದ್ದು. ಅಲ್ಲಿನ ಹೆಸರಾಂತ ಕಟ್ಟಡದ ನೆತ್ತಿಯ ಕಳಶದೊಳಗೆ ಚಿನ್ನವಿದೆ ಅಂತ ನಂಬಿದ ಅಲೆಮಾರಿಗಳು ಅದಕ್ಕೆ ಕೋವಿ ಹಾರಿಸಿದ್ದರಂತೆ. ಒಳಗೆ ಚಿನ್ನವೂ ಇಲ್ಲ, ಗಿನ್ನವೂ ಇಲ್ಲ, ಬರೀ ಗಟ್ಟಿ ಕಲ್ಲು. ಅಮೆರಿಕದ ಸಮರ್‌ಸೆಟ್ಟಿನಾಚೆ ಪಾಳುಬಿದ್ದ ಕೆಂಪುಕಲ್ಲಿನ ಕ್ವಾರಿಯೊಂದನ್ನು ಕೊಂಡು, ಮದುವೆಗೆ ಬಾಡಿಗೆ ಕೊಡಲು ಅದರ ನಕಲು ಕಡಿಸಿದ ಡಾಕ್ಟರರಿಗೆ ಆ ತೂತುಗಳೂ ಬೇಕಾಗಿದ್ದವು. ಶನಿವಾರ ಉದ್ಘಾಟನೆ. ಆವತ್ತು ಬುಧವಾರ.

ಕಂಬದ ಬುಡ ಉಜ್ಜುತ್ತಿದ್ದ ಗಂಗವ್ವ ಎದ್ದು ಬಂದಳು. ಪಾಸ್‌ಪೋರ್ಟಿನಲ್ಲಿ ಶಿವಗಂಗಮ್ಮ, ವೀಸಾದಲ್ಲಿ ದೇವಸ್ಥಾನದ ಅಡುಗೆಯವಳು, ನಿಜದಲ್ಲಿ ಬಾದಾಮಿ ಕಡೆಯ ಕಲ್ಲುಒಡ್ಡರ ಹೆಂಗಸು. ಅವಳದೂ ಅವಳ ಜೊತೆ ಕಲ್ಲು ಕಡಿಯಲು ಬಂದ ಹತ್ತು ಜನರದೂ ಪಾಸ್‌ಪೋರ್ಟು ಡಾಕ್ಟರರ ಮನೆಯ ಬೀರುವಿನೊಳಗಿತ್ತು. ಅಮರೇಶ ಅವಳ ಬೆನ್ನಿಗೆ ಬಿದ್ದ ತಮ್ಮ.

"ನೀರು ಬೇಕ್ರೀ ಸಾಹೇಬ್ರ. ನೀರಿಲ್ದ ಕೊರದ್ರ ಧೂಳೆಲ್ಲಾ ಅವನ ಎದ್ಯಾಗ ಹೊಕ್ಕತೈತಿ. ಮೊದ್ಲ ಕೆಮ್ಮಾಕತ್ತಾನ."

"ಅದು ಪೋಲನ್ ಅಲರ್ಜಿ. ಈ ಸೀಸನ್ನಲ್ಲಿ ಎಲ್ರಿಗೂ ಬರತ್ತೆ. ಲಂಗ್ಸ್ ವಿಷಯ ನೀನು ನನಗೆ ಹೇಳಿಕೊಡ್ತೀಯಾ?"

ಜೊತೆಗೆ ಬಂದಿದ್ದ ನಾಲ್ಕು ಜನ ಅತಿಥಿಗಳು ನಕ್ಕರು. ನಗದೆ ಏನು? ಮೂವತ್ತು ವರ್ಷದಿಂದ ಕೃಷ್ಣಸ್ವಾಮಿ ಶ್ವಾಸಕೋಶದ ಡಾಕ್ಟರು. ಅಮರೇಶನ ಎದೆಗೆ ಮಾತ್ರ ಒಂದು ದಿನವೂ ಸ್ಟೆತಾಸ್ಕೋಪಿನ ಕೊಳವೆ ಇಟ್ಟವರಲ್ಲ. ಗಂಗವ್ವನಿಗೆ ಕೊಳವೆ ಬೇಕಿರಲಿಲ್ಲ. ಇದೇ ಒಣ ಕೆಮ್ಮನ್ನು ಅವಳು, ಕಲ್ಲು ಕಡಿಯುತ್ತಿದ್ದ ಗಂಡನ ಪಕ್ಕ ಮಲಗಿ ನಾಲ್ಕು ವರ್ಷ ಕೇಳಿದ್ದಳು. ಮೂವತ್ತಾರಕ್ಕೆ ಅವನು ಹೋದಾಗ ಅವನ ಮೈಯಲ್ಲಿ ಎತ್ತಲು ಏನೂ ಉಳಿದಿರಲಿಲ್ಲ.

"ಮುಕುಂದ್, ಇವರ ಲೈನ್ ಕ್ಲೋಸ್ ಮಾಡ್ಸು. ಪೂಲ್‌ಗೇ ವಾಟರ್ ಸಾಲ್ತಿಲ್ಲ, ಇಲ್ಲಿ ಚೆಲ್ತಾ ಕೂತಿದಾರೆ. ಮಾಸ್ಕ್ ಹಾಕ್ಕೊಂಡು ಕೆಲಸ ಮಾಡ್ಲಿ."

"ಸರ್, ಡ್ರೈ ಕಟಿಂಗ್ ಮಾಡಿದ್ರೆ..." ಡಿಸೈನರ್ ಮುಕುಂದ ಬಾಯಿ ತೆರೆದ. ಡಾಕ್ಟರು ಅವನನ್ನು ನೋಡಿದರು. ಮುಕುಂದ ತಲೆಯಾಡಿಸಿದ.

ಗಂಗವ್ವನ ಮೈಯೆಲ್ಲ ಉರಿದುಹೋಯಿತು. ಯಾರ ನೀರು? ಯಾರು ತಂದ ನೀರು?

ಎರಡು ವರ್ಷದ ಹಿಂದೆ ಇದೇ ಮುಕುಂದ ಪೆಟ್ರಾದ ಫೋಟೋಗಳನ್ನು ಹರಡಿಕೊಂಡು, ಕೆಳಗಿನಿಂದ ಸಾರುವೆ ಕಟ್ಟಬೇಕು ಅಂತ ಲೆಕ್ಕ ಹಾಕುತ್ತಿದ್ದ. ಚಹಾ ಕೊಡಲು ಬಂದ ಗಂಗವ್ವ ಫೋಟೋದ ಎರಡೂ ಅಂಚಿಗೆ ಬೆರಳಿಟ್ಟಳು. ಬಂಡೆಯ ಮೇಲೆ ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ಸಣ್ಣ ಸಣ್ಣ ಗೂಡುಗಳು.

"ಇವೇನ್ರೀ?"

"ಅದಾ? ಸವೆದಿರೋದು. ಬಿಟ್ಬಿಡೋಣ."

"ಸವದದ್ದು ಹಿಂಗ ಸಾಲಾಗಿ ಇರತೈತೇನ್ರೀ? ಕಲ್ಲು ಕಡ್ಯಾವ್ರು ಕಾಲಿಡಾಕ ಮಾಡ್ಕೊಂಡ ಗೂಡವು. ಮ್ಯಾಲಿಂದ ಕಡಕೋಂತ ಇಳದಾರ ಅವ್ರು. ನಮ್ಮಂಥ ಮಂದೀನ."

ಹಾಗೇ ಆಯಿತು. ಗೂಡುಗಳಲ್ಲಿ ಕಾಲಿಟ್ಟು ಹತ್ತಿ, ನೆತ್ತಿಯಲ್ಲಿ ಮೊದಲು ಒಂದು ಕಟ್ಟೆ ಕಡಿದುಕೊಂಡರು. ಅದರ ಮೇಲೆ ನಿಂತು ಕಳಶ, ಕಳಶದ ಕೆಳಗೆ ಕಮಾನು, ಆಮೇಲೆ ಕಂಬದ ತಲೆ, ಕಟ್ಟಕಡೆಗೆ ಕಂಬದ ಬುಡ ಮತ್ತು ಬಾಗಿಲು. ಕಡಿಯದ ಬಂಡೆಯೇ ಅವರಿಗೆ ಸಾರುವೆ. ನಿಂತ ನೆಲವನ್ನೇ ಕಡಿಯುತ್ತ ಇಳಿದರು. ಮೇಲೆ ಮುಗಿಸಿದ್ದನ್ನು ತಿದ್ದಲು ಮತ್ತೆ ನಿಲ್ಲುವ ಜಾಗ ಇರುವುದಿಲ್ಲ, ಹಾಗಾಗಿ ಒಂದು ಉಳಿಯೇಟೂ ತಪ್ಪುವಂತಿರಲಿಲ್ಲ. ಕಳಶಕ್ಕಿಂತ ಮೇಲೆ ಬಂಡೆಯಲ್ಲಿ ಅಡ್ಡಲಾಗಿ ಒಂದು ಮಳೆಗಾಲುವೆ ತೋಡಬೇಕು ಅಂತ ಹೇಳಿದವಳೂ ಗಂಗವ್ವನೇ. ಗುಡ್ಡದ ಮಳೆನೀರು ಕೆತ್ತನೆಯ ಮೇಲೆ ಹರಿದರೆ ಮೂಗು ಕಿವಿಯೆಲ್ಲ ಕರಗಿಹೋಗುತ್ತದೆ. ಅದನ್ನು ಪಕ್ಕಕ್ಕೆ ತಿರುಗಿಸಿ ತೊಟ್ಟಿಗೆ ಬಿಡಬೇಕು. ಫೋಟೋದಲ್ಲಿ ಕಾಣದ ಆ ಮಳೆಗಾಲುವೆಗೆ ಡಾಕ್ಟರು, "ಯಾರು ನೋಡ್ತಾರೆ ಅದನ್ನ?" ಅಂದಿದ್ದರು. ಒಂದು ಜಡಿಮಳೆಗೆ ಕಮಾನಿನ ಹೂಬಳ್ಳಿ ಉದುರಿದ ಮೇಲೆ ಒಪ್ಪಿದರು.

ನೀರಿನ ಕಥೆಯೂ ಅದೇ. ಗುಡ್ಡದ ಮೇಲೆ ಬೆರಳುಗಾತ್ರದ ಒಂದು ಒರತೆ ಇತ್ತು. ಪೆಟ್ರಾದಲ್ಲಿ ಗೇಣು ಮಳೆಯೂ ಬೀಳದ ಕಡೆ, ದೂರದ ಒರತೆಯಿಂದ ಬಂಡೆಗೋಡೆಯಲ್ಲಿ ಕಾಲುವೆ ಕಡಿದು, ಮಣ್ಣಿನ ಕೊಳವೆ ಕೂಡಿಸಿ ಊರಿಗೇ ನೀರು ತಂದಿದ್ದರು. ಡಾಕ್ಟರರಿಗೂ ಪಂಪು, ಮೋಟರು ಏನೂ ಇಲ್ಲದ ಅಂಥದೇ ನೀರು ಬೇಕಿತ್ತು. ಅತಿಥಿಗಳು ನಡೆದು ಬರುವ ಬಂಡೆಸಂದಿಯ ಗೋಡೆಗುಂಟ ಮುಕುಂದ ಕೊಳವೆಯನ್ನು ಕಡಿದಾಗಿ ಇಳಿಸಿದ, ನೀರು ರಭಸವಾಗಿ ಬರಲಿ ಅಂತ. ನೀರು ಕೊಳವೆ ತುಂಬ ಒತ್ತಿಕೊಂಡು ಬಂದು, ಮೂರನೇ ದಿನಕ್ಕೆ ಏಳು ಕೀಲು ಬಿಚ್ಚಿಕೊಂಡವು.

"ಅದರ ಉಸಿರು ಕಟ್ಟಿಸೀರಿ ನೀವು," ಅಂದಳು ಗಂಗವ್ವ. "ಹದಿನಾಕು ಮೊಳ ಹೋದ್ರ ಒಂದು ಮೊಳ ಇಳೀಬೇಕು, ಅಷ್ಟ. ಅರ್ಧ ಕೊಳವಿ ನೀರು, ಅರ್ಧ ಗಾಳಿ. ಆಗ ಕೀಲಿಗೆ ಒತ್ತು ಬೀಳಂಗಿಲ್ಲ."

ಇಡೀ ಕಾಲುವೆಯನ್ನು ಹೊಸದಾಗಿ ಕಡಿದರು. ನಡುನಡುವೆ ಒಂದೊಂದು ಕುಣಿ ತೋಡಿದರು. ನೀರು ಅಲ್ಲಿ ನಿಧಾನಿಸಿ, ಮರಳನ್ನು ತಳಕ್ಕೆ ಬಿಟ್ಟು, ತಿಳಿಯಾಗಿ ಮುಂದೆ ಹೋಗಬೇಕು. ಬಂಡೆಯ ಭುಜದ ಮೇಲೆ ತೊಟ್ಟಿ ಕಡಿದು, ಒಳಗೆ ಗಾರೆ ಮೆತ್ತಿ, ಮೇಲೆ ಕಮಾನು ಎಬ್ಬಿಸಿ ಚಪ್ಪಡಿ ಹಾಸಿದರು, ಬಿಸಿಲು ನೀರನ್ನು ಕುಡಿಯದಿರಲಿ ಅಂತ. ತೊಟ್ಟಿಗೆ ಒಂದೇ ಅಳತೆಯ ಎರಡು ತೂಬು. ಒಂದು ಸಂದಿಯ ಕೊಳವೆಗೆ. ಅದು ಕೊನೆಯಲ್ಲಿ ಕೊಳಕ್ಕೆ ಜಲಪಾತವಾಗಿ ಬೀಳುತ್ತದೆ. ಎರಡನೆಯದು, ಸ್ವಲ್ಪ ತಗ್ಗಿನಲ್ಲಿ, ಕಲ್ಲು ಕಡಿಯುವವರ ಶೆಡ್ಡಿಗೆ. ಅದನ್ನು ಯಾರನ್ನೂ ಕೇಳದೆ ಗಂಗವ್ವನೇ ಇಟ್ಟಳು. ಅದರ ನೀರು ಡ್ರಿಲ್ಲಿಗೆ ಬೀಳತೊಡಗಿದ ಮೇಲೆ ಅಮರೇಶ ಅಷ್ಟಿಷ್ಟು ನಿದ್ದೆ ಮಾಡಿದ್ದ.

ಈಗ ಅದನ್ನು ಮುಚ್ಚಬೇಕಂತೆ.

"ಸಿಮೆಂಟ್ ಹಾಕ್ಬಿಡಿ ಗಂಗಮ್ಮ," ಅಂದ ಮುಕುಂದ, ಅವಳ ಮುಖ ನೋಡದೆ. "ಸಾರಿ. ನನ್ನ ವೀಸಾನೂ ಅವರ ಕೈಲೇ ಇದೆ."

"ನಿಮ್ದು ವೀಸಾ. ನಮ್ಮವನ್ದು ಜೀವ."

ಬೈಯುತ್ತಲೇ ಹತ್ತಿ ಹೋದಳು. ಸಿಮೆಂಟು ಕಲಸಿದಳು; ಚೆಲ್ಲಿದಳು. ಕೈಗೆ ಸಿಕ್ಕ ಒಂದು ಕಲ್ಲನ್ನು ಮಂಡಿ ಮೇಲಿಟ್ಟುಕೊಂಡು ಎರಡು ತಾಸು ಉಳಿ ಹೊಡೆದು, ತೂಬಿನ ಬಾಯಿಗೆ ಎಷ್ಟು ಬಿಗಿಯೋ ಅಷ್ಟು ಮಾಡಿ ಕೂರಿಸಿದಳು. ಆ ಕಲ್ಲಿನ ಮುಖಕ್ಕೆ ಪಕ್ಕದ ಬಂಡೆಯಂತೆಯೇ ಗೀರು ಹಾಕಿದಳು. ಮುಕುಂದ ಬಂದು ನೋಡಿದ. ತೂಬು ಎಲ್ಲಿತ್ತೆಂದು ಅವನಿಗೇ ಹೊಳೆಯಲಿಲ್ಲ.

"ಪರ್ಫೆಕ್ಟ್," ಅಂದ.

ಗುರುವಾರ, ಶುಕ್ರವಾರ ಅಮರೇಶ ಒಣಗಲ್ಲು ಕೊರೆದ. ಡಾಕ್ಟರು ಕೊಟ್ಟ ಕಾಗದದ ಮಾಸ್ಕು ಮಧ್ಯಾಹ್ನದೊಳಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಗಂಗವ್ವ ಎರಡು ಸಲ ಡಾಕ್ಟರರ ಕಾರಿಗೆ ಅಡ್ಡ ನಿಂತಳು. ಮೊದಲ ಸಲ, "ಮಂಡೇ ನೋಡೋಣ," ಅಂದರು. ಎರಡನೇ ಸಲ ಗಾಜು ಇಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಎರಡು ತೂತು ಬಾಕಿ ಇದ್ದವು. ಅಮರೇಶ ಗೂಡುಗಳಲ್ಲಿ ಕಾಲಿಟ್ಟು ಹತ್ತಿದ, ಮುಗಿಸಿದ, ಇಳಿದ. ಶೆಡ್ಡಿನ ಗೋಡೆ ಹಿಡಿದು ಬಗ್ಗಿ ಕೆಮ್ಮಿ ಉಗುಳಿದ. ಉಗುಳು ಕೆಂಪಗಿತ್ತು.

"ಧೂಳೈತಿ, ಅಕ್ಕಾ," ಅಂದ.

ಗಂಗವ್ವ ಅದನ್ನು ಬೆರಳಿನಿಂದ ಉಜ್ಜಿ ನೋಡಿದಳು. ಕಲ್ಲಿನ ಕೆಂಪು ಬೆರಳಿಗೆ ಒರಟಾಗಿ ಸಿಗುತ್ತದೆ. ಇದು ನುಣ್ಣಗಿತ್ತು, ಅಂಟುತ್ತಿತ್ತು.

"ಇವನೌನ್," ಅಂದಳು. ಸುತ್ತಿಗೆ ತಗೊಂಡು ತೊಟ್ಟಿಯ ಕಡೆ ಹತ್ತಿದಳು.

ಹನ್ನೊಂದು ಗಂಟೆಗೆ ಬಂಡೆಸಂದಿಯ ತುಂಬ ರೇಷ್ಮೆ ಸೀರೆಗಳು, ಶೇರ್ವಾನಿಗಳು. ಸಂದಿಯ ಕೊನೆಯ ತಿರುವಿನಲ್ಲಿ ಕೆಂಪು ಕಂಬಗಳು ಕಂಡದ್ದೇ "ಓ ಮೈ ಗಾಡ್" ಅಂತ ಫೋನುಗಳು ಮೇಲೆದ್ದವು. ಡಾಕ್ಟರು ಕೊಳದ ದಂಡೆಯಲ್ಲಿ ಮೈಕು ಹಿಡಿದು, ಜಲಪಾತದ ಕಡೆ ಕೈ ಚಾಚಿ, "ನೋ ಪಂಪ್ಸ್, ನೋ ಎಲೆಕ್ಟ್ರಿಸಿಟಿ! ಟೂ ಥೌಸಂಡ್ ಇಯರ್ ಓಲ್ಡ್ ಟೆಕ್ನಾಲಜಿ! ಪ್ರತಿಯೊಂದನ್ನೂ ನಾನೇ ನಿಂತು ಮಾಡಿಸಿದ್ದು!" ಅಂದರು.

ಚಪ್ಪಾಳೆ ಮುಗಿಯುವುದರೊಳಗೆ ಜಲಪಾತ ಸೊರಗಿತು. ದಾರವಾಯಿತು. ಹನಿಯಾಯಿತು. ನಿಂತಿತು.

ಬಂಡೆಯ ಆಚೆ ಮಗ್ಗುಲಲ್ಲಿ ದಬದಬ ನೀರು ಬೀಳುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಶೆಡ್ಡಿನ ಕಡೆಯಿಂದ ಕೆಂಪು ನೀರು ಹರಿದು ಬಂದು, ಕಾರ್ಪೆಟ್ಟಿನ ಕೆಳಗೆ ನುಗ್ಗಿ, ರೇಷ್ಮೆ ಅಂಚುಗಳನ್ನು ಹಿಡಿಯಿತು. ಜನ ಚೀರುತ್ತ ಸೀರೆ ಎತ್ತಿಕೊಂಡರು. ಕೊಳ ಅಷ್ಟಷ್ಟಾಗಿ ಕೆಂಪಾಯಿತು.

"ಮುಕುಂದ್! ವಾಲ್ವ್ ಎಲ್ಲಿ? ಆಫ್ ಮಾಡೋ, ಈಡಿಯಟ್!"

"ವಾಲ್ವ್ ಇಲ್ಲ ಸರ್. ನೀವೇ ಬೇಡ ಅಂದ್ರಿ. ಗ್ರ್ಯಾವಿಟಿ..."

"ಆ ಹೋಲ್ ಮುಚ್ಚೋ ಹಾಗಿದ್ರೆ!"

ಮುಕುಂದ ತೊಟ್ಟಿಯವರೆಗೆ ಓಡಿ, ಬಂಡೆಯನ್ನೆಲ್ಲ ತಡಕಿ, ಏದುತ್ತ ಬಂದ. "ಶೆಡ್ ಕಡೆಗಿದ್ದ ಬಿರಡೆ ಕಿತ್ತು ಪೂಲ್ ಕಡೆಗಿದ್ದ ತೂಬನ್ನೇ ಮುಚ್ಚಿದಾರೆ ಸರ್. ಬಂಡೆ ಯಾವುದು, ಬಿರಡೆ ಯಾವುದು, ನನಗೆ ಗೊತ್ತಾಗ್ತಿಲ್ಲ. ಇನ್ನೊಂದಕ್ಕೆ ಹಾಕೋ ಕಲ್ಲೂ ಇಲ್ಲ."

ಡಾಕ್ಟರು ಕೆಸರಿನಲ್ಲಿ ಜಾರುತ್ತ ಶೆಡ್ಡಿಗೆ ನುಗ್ಗಿದರು. ಹನ್ನೊಂದೂ ಜನ ನೀರಿನಡಿ ನಿಂತಿದ್ದರು. ಅವರ ತಲೆ, ಬೆನ್ನು, ಬಟ್ಟೆಗಳಿಂದ ಎರಡು ವರ್ಷದ ಕೆಂಪು ಇಳಿಯುತ್ತಿತ್ತು. ಗಂಗವ್ವ ತಮ್ಮನ ನೆತ್ತಿಯ ಮೇಲೆ ತಂಬಿಗೆಯಿಂದ ಸುರಿಯುತ್ತಿದ್ದಳು.

"ನಿಲ್ಸೇ! ನಿಮ್ಮನ್ನೆಲ್ಲ ನಾಳೇನೇ ಪ್ಯಾಕ್ ಮಾಡಿ ಊರಿಗೆ ಕಳಿಸ್ತೀನಿ!"

"ಕಳಸ್ರಿ. ಪಾಸ್‌ಪೋರ್ಟು ತಂದು ಕೈಯಾಗ ಇಡ್ರಿ. ಬಿರಡಿ ಎಲ್ಲೈತಿ ತೋರಸ್ತೇನಿ."

"ಇಷ್ಟು ನೀರು ಸುರೀತಾ ಏನು ಮಾಡ್ತಿದೀಯೇ ನೀನು?"

ಗಂಗವ್ವ ತಿರುಗಿ ನೋಡಲಿಲ್ಲ. ಇನ್ನೊಂದು ತಂಬಿಗೆ ತುಂಬಿಕೊಂಡಳು.

"ಪೋಲನ್ ಐತಂತಲ್ರೀ," ಅಂದಳು. "ತೊಳೀಲಾಕತ್ತೇನಿ."

ಫೋನು ಹಿಡಿದ ಅತಿಥಿಗಳು ಡಾಕ್ಟರರ ಹಿಂದೆ ಶೆಡ್ಡಿನ ಬಾಗಿಲವರೆಗೂ ಬಂದಿದ್ದರು. ಅಮರೇಶ ಎರಡೂ ಕೈ ಗೋಡೆಗೆ ಊರಿ ಬಗ್ಗಿದ. ಕೆಮ್ಮು ಬಂತು, ನಿಲ್ಲಲಿಲ್ಲ. ನೀರಿನ ಸದ್ದಿನ ಮೇಲೆ ಅದು ಎಲ್ಲರಿಗೂ ಕೇಳಿಸಿತು.