ನೋವು ನಿಂತ ಮೇಲೆ

ಅಕ್ಕನ ಹಲ್ಲಿನ ಕ್ಲಿನಿಕ್ಕಿನಲ್ಲಿ ನನಗೆ ಮೂರು ಕೆಲಸ. ಬೆಳಿಗ್ಗೆ ಬಾಗಿಲು ತೆಗೆಯುವುದು, ದಿನವಿಡೀ ಫೋನು ಎತ್ತುವುದು, ವಾರಕ್ಕೆರಡು ಸಲ ಕ್ಲಿನಿಕ್ಕಿನ ಜಾಲತಾಣದ ಪುಟದಲ್ಲಿ ಹಲ್ಲಿನ ಬಗ್ಗೆ ಏನಾದರೂ ತಿಳಿವಳಿಕೆಯ ಮಾತು ಬರೆದು ಹಾಕುವುದು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಇದೇನು ಮಹಾ ಎಂದು ಒಪ್ಪಿಕೊಂಡಿದ್ದೆ. ಶಾಲೆಯ ಮಕ್ಕಳಿಗಾದರೂ ಪರೀಕ್ಷೆಯ ಭಯವಿತ್ತು, ಕಿವಿಗೊಡುತ್ತಿದ್ದರು. ಇಲ್ಲಿ ಓದುಗರ ಹೆಬ್ಬೆರಳು ಒಂದು ಸಲ ಮೇಲಕ್ಕೆ ಜಾರಿದರೆ ನಾನು ಮಾಯ.

ನನ್ನ ಕಂಪ್ಯೂಟರಿನ ಅಂಚಿಗೆ ಅಕ್ಕ ಒಂದು ಚೀಟಿ ಅಂಟಿಸಿದ್ದಾಳೆ. ದಂತವೈದ್ಯ ಮಂಡಳಿಯ ನಿಯಮಗಳನ್ನು ಅವಳೇ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಇಳಿಸಿದ್ದು: ‘ನಾವೇ ಉತ್ತಮ ಅನ್ನಬೇಡ. ನೋವೇ ಇಲ್ಲ ಅನ್ನಬೇಡ. ಗ್ಯಾರಂಟಿ ಬೇಡ. ರಿಯಾಯಿತಿ ಬೇಡ. ರೋಗಿಯ ಹೊಗಳಿಕೆ ಬೇಡ. ಮೊದಲು–ಆಮೇಲೆ ಚಿತ್ರ ಬೇಡ.’ ಇಷ್ಟು ಬೇಡಗಳನ್ನು ದಾಟಿ ಬಂದಮೇಲೆ ಉಳಿಯುವುದು ಹಲ್ಲುಜ್ಜುವ ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುವುದೊಂದೇ. ಅದನ್ನು ನಾನು ಏಳು ಬಗೆಯಲ್ಲಿ ಬರೆದಾಗಿತ್ತು. ರಸ್ತೆಯಾಚೆಯ ದೊಡ್ಡ ಕ್ಲಿನಿಕ್ಕಿನವರಂತೂ ಈ ನಿಯಮಗಳು ತಮಗಲ್ಲ ಎಂಬಂತೆ ದಿನಕ್ಕೊಂದು ಬೆಳ್ಳನೆಯ ನಗು ಹಾಕುತ್ತಿದ್ದರು.

ನಮ್ಮಲ್ಲಿ ಎರಡು ಕುರ್ಚಿಗಳಿವೆ. ಒಂದು ಅಕ್ಕನದು. ಇನ್ನೊಂದರಲ್ಲಿ ವಾರಕ್ಕೆರಡು ದಿನ ಚಿಕ್ಕ ಡಾಕ್ಟರು ಕೆಲಸ ಮಾಡುತ್ತಾಳೆ, ಅಕ್ಕನ ಕೈಯಲ್ಲೇ ಪಳಗಿದ ಹುಡುಗಿ. ಅಕ್ಕನಿಗೆ ಅರವತ್ತೆರಡು, ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ, ಒಬ್ಬಳೇ ಕ್ಲಿನಿಕ್ಕು ನಡೆಸುವ ಹಾಗಿಲ್ಲ. ಎರಡನೇ ಕುರ್ಚಿಗೆ ರೋಗಿಗಳು ಬಾರದಿದ್ದರೆ ಚಿಕ್ಕ ಡಾಕ್ಟರು ಬೇರೆ ಆಸ್ಪತ್ರೆಗೆ ಹೋಗುತ್ತಾಳೆ, ಅವಳು ಹೋದರೆ ಅಕ್ಕ ಬಾಗಿಲು ಹಾಕುತ್ತಾಳೆ. ಆಸ್ಪತ್ರೆಯೊಂದು ಆಗಲೇ ಚಿಕ್ಕ ಡಾಕ್ಟರನ್ನು ಕೆಲಸಕ್ಕೆ ಕರೆದಿತ್ತು, ತಿಂಗಳ ಕೊನೆಯ ಶನಿವಾರ ಅವಳು ಅವರಿಗೆ ಉತ್ತರ ಹೇಳಬೇಕಿತ್ತು.

ಬಾಗಿಲು ಹಾಕುವ ಮಾತನ್ನು ಅಕ್ಕ ಬಹಳ ಸಲೀಸಾಗಿ ಆಡುತ್ತಿದ್ದಳು. “ಸಾಕಾಯ್ತು ಕಣೇ, ಮನೇಲಿ ಬಿದ್ಕೋತೀನಿ” ಎಂದು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ, ಅಂಚು ಕಿತ್ತು ತಟ್ಟೆಯಲ್ಲಿ ಬಿಟ್ಟು, ಎಡಗಡೆಯ ದವಡೆಯಲ್ಲೇ ನಿಧಾನವಾಗಿ ಅಗಿಯುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ನಾನು ಬೆಳಿಗ್ಗೆ ಎದ್ದು ಸೀರೆ ಉಡಲು ಉಳಿದಿದ್ದ ಕಾರಣ ಈ ಕ್ಲಿನಿಕ್ಕು ಒಂದೇ, ಅವಳಿಗೂ ಹೆಚ್ಚುಕಡಿಮೆ ಅಷ್ಟೇ.

ಆ ತಿಂಗಳ ಮೊದಲ ವಾರ ಅಕ್ಕ ಸೊಂಟ ಹಿಡಿದು ಎರಡು ದಿನ ಮಲಗಿದಳು. ನಾನು ಎಡವಟ್ಟು ಮಾಡಿದ್ದು ಆಗಲೇ.

ಹೊಲಿಗೆ ಅಂಗಡಿಯಾಕೆಯೊಬ್ಬಳು ಹಲ್ಲು ಬಿಳಿ ಮಾಡಿಸಿಕೊಂಡು ಹೋಗಿದ್ದಳು. ಚಿಕಿತ್ಸೆಯ ದಾಖಲೆಗೆಂದು ತೆಗೆದ ಎರಡು ಚಿತ್ರಗಳು ನಮ್ಮ ಬಳಿ ಇದ್ದವು. ಆಕೆಯಿಂದ ಒಪ್ಪಿಗೆ ಬರೆಸಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ಪುಟದಲ್ಲಿ ಹಾಕಿಬಿಟ್ಟೆ. ಒಂದು ಮಾತೂ ಬರೆಯಲಿಲ್ಲ. ಎರಡೇ ದಿನದಲ್ಲಿ ಹನ್ನೊಂದು ಜನ ಫೋನ್ ಮಾಡಿದರು. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಎರಡನೇ ಕುರ್ಚಿಯ ಸಾಲು ಭರ್ತಿಯಾಯಿತು. ಅದನ್ನು ತಿರುತಿರುಗಿ ನೋಡಿ ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ ಅಕ್ಕ ಬಂದಳು. ಪುಸ್ತಕ ನೋಡಿ ಅವಳ ಮುಖವೂ ಅರಳಿತು. ಆಮೇಲೆ ಅವಳ ಬೆರಳು ಕೊನೆಯ ಅಂಕಣಕ್ಕೆ ಹೋಯಿತು. ‘ಹೇಗೆ ತಿಳಿಯಿತು’ ಎಂದು ಅದರ ತಲೆಬರಹ, ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಕೇಳಿ ನಾನೇ ತುಂಬುವುದು. ಅಲ್ಲಿ ಹನ್ನೊಂದು ಸಲ ‘ಫೋಟೋ’ ಎಂದಿತ್ತು.

“ಯಾವ ಫೋಟೋ?”

ತೋರಿಸಿದೆ. “ಒಪ್ಪಿಗೆ ಬರೆಸ್ಕೊಂಡಿದೀನಿ” ಎಂದೆ.

“ಅವಳ ಒಪ್ಪಿಗೆ ಅವಳ ಮುಖಕ್ಕೆ. ಅದನ್ನ ನೋಡಿ ಬರೋರಿಗೆ ತಮ್ಮ ಹಲ್ಲೂ ಹೀಗೇ ಆಗತ್ತೆ ಅಂತ ಮಾತು ಕೊಟ್ಟ ಹಾಗಾಯ್ತಲ್ಲ, ಅದನ್ನ ಯಾರು ಉಳಿಸ್ಕೋತಾರೆ? ಮೊದಲನೇದು ಕಿಟಕಿ ಹತ್ರ ತೆಗ್ದಿದ್ದು, ಎರಡನೇದು ಕುರ್ಚಿ ದೀಪದ ಕೆಳಗೆ. ಅರ್ಧ ಬಿಳುಪು ದೀಪದ್ದೇ.”

“ಎದುರುಗಡೆಯವರು ದಿನಾ ಹಾಕ್ತಾರೆ.”

“ಅವರು ಬಾವಿಗೆ ಬಿದ್ರೆ ನಾವೂ ಬೀಳ್ಬೇಕಾ? ತೆಗಿ ಅದನ್ನ.”

ತೆಗೆದೆ. ಅಷ್ಟಕ್ಕೇ ಬಿಡಲಿಲ್ಲ ಮಹಾತಾಯಿ. ಹನ್ನೊಂದು ಜನಕ್ಕೂ ಫೋನ್ ಮಾಡಿ ಹೇಳಬೇಕಂತೆ: ಆ ಚಿತ್ರ ಹಾಕಬಾರದಿತ್ತು, ಒಬ್ಬರಿಗೆ ಆದ ಹಾಗೆ ಇನ್ನೊಬ್ಬರಿಗೆ ಆಗುತ್ತದೆಂದು ಹೇಳಲಾಗದು, ನಿಮ್ಮ ಹಲ್ಲಿಗೆ ಏನು ಸರಿ ಎಂಬುದು ನೋಡಿದ ಮೇಲೇ ಗೊತ್ತಾಗುವುದು, ಈಗಲೂ ಬರುತ್ತೀರಾ?

ಮನೆಗೆ ಬರುತ್ತಿದ್ದ ನೆಂಟರನ್ನು ಬಾಗಿಲಲ್ಲೇ ತಡೆದು ಅಡುಗೆ ಚೆನ್ನಾಗಿಲ್ಲ ಎಂದಂತೆ. ಏಳು ಜನ “ಹಾಗಾದ್ರೆ ಬಿಡಿ” ಎಂದರು. ಇಬ್ಬರು ಫೋನ್ ಎತ್ತಲಿಲ್ಲ. ಒಬ್ಬಾತ “ಕರೆಯೋರೂ ನೀವೇ, ಓಡಿಸೋರೂ ನೀವೇ” ಎಂದು ಬೈದು ಇಟ್ಟ. ನನಗೆ ಅಕ್ಕನ ಮೇಲೆ ಕೆಟ್ಟ ಕೋಪ ಬಂದಿತ್ತು. ಹನ್ನೊಂದನೆಯವಳು ಗ್ರಂಥಾಲಯದಲ್ಲಿ ಕೆಲಸ ಮಾಡುವಾಕೆ. ಪುಸ್ತಕಗಳ ನಡುವೆ ಇದ್ದು ಅಭ್ಯಾಸವೋ ಏನೋ, ಪಿಸುಮಾತಿನಲ್ಲೇ ಮಾತಾಡಿದಳು.

“ನಂಗೆ ಎಲ್ಲಾ ಹಲ್ಲೂ ಬಿಳಿ ಆಗೋದು ಬೇಡ ಮೇಡಂ. ಮುಂದಿನದು ಒಂದು ಹಲ್ಲು ಮಾತ್ರ ಕಂದು ಬಣ್ಣಕ್ಕೆ ತಿರುಗಿದೆ.”

“ನೋವಿದೆಯಾ?”

“ಮೂರು ವರ್ಷದ ಹಿಂದೆ ಕಪಾಟಿನ ಬಾಗಿಲು ಬಡಿದು ತುಂಬಾ ನೋವಿತ್ತು. ಆಮೇಲೆ ತಾನೇ ನಿಂತೋಯ್ತು.”

ಫೋನಿನಲ್ಲಿ ರೋಗ ಹೇಳುವುದು ನನ್ನ ಕೆಲಸವಲ್ಲ. ಬಂದು ತೋರಿಸಿ ಎಂದಷ್ಟೇ ಹೇಳಿದೆ. ಮರುದಿನ ಬಂದಳು. ಎಕ್ಸ್‌ರೇಯಲ್ಲಿ ಆ ಹಲ್ಲಿನ ಬೇರಿನ ತುದಿಗೆ ದುಂಡಗಿನ ಕಪ್ಪು ನೆರಳು. ಒಳಗಿನ ನರ ಎಂದೋ ಸತ್ತಿದೆ, ಸೋಂಕು ಕೆಳಗಿಳಿದು ಸುತ್ತಲಿನ ಮೂಳೆ ಸವೆಸಿದೆ, ಬಿಳಿ ಮಾಡುವುದು ಆಮೇಲಿನ ಮಾತು, ಮೊದಲು ಬೇರಿನೊಳಗೆ ಶುದ್ಧ ಮಾಡಬೇಕು ಎಂದು ಅಕ್ಕ ತಿಳಿಸಿ ಹೇಳಿದಳು.

“ನೋವು ನಿಂತ ಮೇಲೆ ವಾಸಿಯಾಯ್ತು ಅಂದ್ಕೊಂಡಿದ್ದೆ” ಎಂದಳು ಆಕೆ.

ಆ ಮಾತು ನಾನು ಎಲ್ಲೋ ಓದಿದ್ದೆ ಅನ್ನಿಸಿತು. ಓದಿದ್ದಲ್ಲ, ಬರೆದಿದ್ದು. ಅಪಾಯಿಂಟ್‌ಮೆಂಟ್ ರದ್ದು ಮಾಡುವವರು ಹೇಳುವ ಕಾರಣವನ್ನು ಪುಸ್ತಕದ ಹಿಂಭಾಗದಲ್ಲಿ ಗುರುತು ಹಾಕುವುದು ನನ್ನದೊಂದು ಚಾಳಿ, ಶಾಲೆಯಲ್ಲಿ ಗೈರುಹಾಜರಿಯ ಕಾರಣ ಬರೆದುಕೊಳ್ಳುತ್ತಿದ್ದ ಹಾಗೆ. ಹಾಳೆ ತಿರುವಿದೆ. ಊರಿಗೆ ಹೋಗಬೇಕು, ರಜೆ ಸಿಗಲಿಲ್ಲ, ಭಯ, ಇವೆಲ್ಲ ಅಲ್ಲೊಂದು ಇಲ್ಲೊಂದು. ‘ನೋವು ನಿಂತಿದೆ’ ಎಂಬುದು ಮಾತ್ರ ಆ ವರ್ಷದಲ್ಲಿ ಮೂವತ್ತಾರು ಸಲ ಇತ್ತು. ಬ್ರಷ್ಷಿನ ಬಗ್ಗೆ ಏಳು ಸಲ ಬರೆದವಳು ಈ ಮೂವತ್ತಾರು ಜನರಿಗೆ ಒಂದು ಮಾತೂ ಹೇಳಿರಲಿಲ್ಲ.

ಅವತ್ತೇ ಬರೆಯಲು ಕೂತೆ. ಗ್ರಂಥಾಲಯದಾಕೆಯ ಎಕ್ಸ್‌ರೇ ಹಾಕಲೇ ಎಂದರೆ ಅಕ್ಕ, ಹೆಸರು ಕತ್ತರಿಸಿದರೂ ಬೇಡ ಎಂದಳು. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆ ನಾನೇ ಒಂದು ಹಲ್ಲಿನ ಚಿತ್ರ ಬರೆದೆ, ಒಳಗೆ ನರ, ಕೆಳಗೆ ಬೇರು. ‘ತಡಮಾಡಿದರೆ ಹಲ್ಲು ಹೋದಂತೆಯೇ’ ಎಂಬ ಸಾಲನ್ನು ಅಕ್ಕ ಹೊಡೆದುಹಾಕಿದಳು. “ಹೆದರಿಸಿ ಕರೆಯೋದೂ ಜಾಹೀರಾತೇ” ಎಂದಳು. ಕೊನೆಗೆ ಉಳಿದದ್ದು ಇದು:

‘ಹಲ್ಲುನೋವು ತಾನಾಗಿ ನಿಂತರೆ ಯಾರಿಗಾದರೂ ಸಮಾಧಾನವೇ. ಆದರೆ ಕೆಲವು ಸಲ ನೋವು ನಿಲ್ಲುವುದು ಹಲ್ಲು ವಾಸಿಯಾಗಿದ್ದರಿಂದಲ್ಲ, ನೋವು ಹೇಳುವ ನರ ಸತ್ತಿದ್ದರಿಂದ. ಆಗ ಸೋಂಕು ಸದ್ದಿಲ್ಲದೆ ಬೇರಿನ ಕಡೆಗೆ ಇಳಿಯಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಪರೀಕ್ಷಿಸಿ, ಬೇಕಿದ್ದರೆ ಎಕ್ಸ್‌ರೇ ತೆಗೆದ ಮೇಲೆಯೇ ತಿಳಿಯುವುದು. ಜೋರು ನೋವಿದ್ದು ತಾನಾಗಿ ನಿಂತಿದ್ದರೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಮುಖ ಊದಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಕಾಯಬೇಡಿ, ಅದೇ ದಿನ ಹೋಗಿ.’

ಕೆಳಗೆ ಕ್ಲಿನಿಕ್ಕಿನ ಹೆಸರು, ಫೋನ್ ಸಂಖ್ಯೆ, ವೇಳೆ. ನಮ್ಮಲ್ಲಿಗೇ ಬನ್ನಿ ಎಂದು ಬರೆಯಲು ಕೈ ತುರಿಸಿತು, ಬರೆಯಲಿಲ್ಲ.

ಜನ ಒಬ್ಬರಿಂದೊಬ್ಬರಿಗೆ ಕಳಿಸಿದರು. ಒಬ್ಬರು ಕೆಳಗೆ ‘ನಂಗೂ ಹೀಗೇ, ಯಾವ ಮಾತ್ರೆ ತಗೊಳ್ಳಲಿ’ ಎಂದು ಕೇಳಿದರು, ‘ನೋಡದೆ ಇಲ್ಲಿ ಹೇಳಲಾಗದು, ದಯವಿಟ್ಟು ವೈದ್ಯರನ್ನು ಕಾಣಿ’ ಎಂದು ಬರೆದೆ. ಅವರು ಎದುರುಗಡೆಯ ಕ್ಲಿನಿಕ್ಕಿಗೆ ಹೋದರೆಂದು ಆಮೇಲೆ ಗೊತ್ತಾಯಿತು. ಅದು ಬಸ್ ನಿಲ್ದಾಣಕ್ಕೆ ಹತ್ತಿರ. ನಮಗೆ ಬಂದ ಫೋನು ನಾಲ್ಕು. ನಾಲ್ವರೂ ಹಿಂದೆ ರದ್ದು ಮಾಡಿದವರೇ, ನಾಲ್ವರೂ ಹೇಳಿದ ಹೊತ್ತಿಗೆ ಬಂದರು. ಆದರೂ ಹನ್ನೊಂದೆಲ್ಲಿ, ನಾಲ್ಕೆಲ್ಲಿ.

ಶನಿವಾರ ಬಂತು. ಕೊನೆಯ ರೋಗಿ ಹೋದ ಮೇಲೆ ಚಿಕ್ಕ ಡಾಕ್ಟರು ಎರಡನೇ ಕುರ್ಚಿಯನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

“ಮೇಡಂ, ಅವರಿಗೆ ಏನು ಹೇಳ್ಲಿ?” ಎಂದಳು.

ಅಕ್ಕ ತನ್ನ ಕುರ್ಚಿಯ ದೀಪ ಆರಿಸಿದಳು. ಮುಗಿಯಿತು ಎಂದುಕೊಂಡೆ. ಬೀಗದ ಕೈ ಮೇಜಿನ ಮೇಲಿತ್ತು, ಅದನ್ನು ನೋಡಲಾಗದೆ ಮುಖ ತಿರುಗಿಸಿದೆ.

ಅಕ್ಕ ಕೋಟು ಬಿಚ್ಚಿ ಮೊಳೆಗೆ ತಗುಲಿಸಿದಳು. ಸೊಂಟ ಹಿಡಿದುಕೊಂಡು ಬಂದು ಎರಡನೇ ಕುರ್ಚಿಯಲ್ಲಿ ಕೂತಳು. ಆಯಾಸಕ್ಕೆ ಕೂತಳೆಂದುಕೊಂಡರೆ, ಕಾಲೆತ್ತಿ ಒರಗಿ, ದೀಪವನ್ನು ತಾನೇ ಬಾಯಿಯ ಕಡೆಗೆ ಎಳೆದುಕೊಂಡಳು.

“ಬಲಗಡೆ, ಕೆಳಗಡೆ, ಕೊನೇದಕ್ಕಿಂತ ಒಂದು ಮುಂಚಿನದು” ಎಂದಳು. “ಹೋದ ವರ್ಷ ಪ್ರಾಣ ತಿಂದಿತ್ತು. ಆಮೇಲೆ ನಿಂತೋಯ್ತು.”

ನಾನು ಎದ್ದು ನಿಂತೆ. ಬ್ರೆಡ್ಡಿನ ಅಂಚು, ಎಡಗಡೆಯ ದವಡೆ. ವರ್ಷವಿಡೀ ಎದುರಿಗೆ ಕೂತು ನೋಡಿದ್ದೆ. “ಊರಿಗೆಲ್ಲ ಹೇಳೋಳು, ನಿಂಗೆ ಗೊತ್ತಿರ್ಲಿಲ್ವಾ?” ಎಂದೆ.

“ಗೊತ್ತಿತ್ತು ಕಣೇ. ಇನ್ನೆಷ್ಟು ದಿನ, ಯಾಕೆ ರಗಳೆ ಅಂತ ಬಿಟ್ಟಿದ್ದೆ. ನೀನು ಬರೆದಿದ್ದನ್ನ ತಿದ್ದೋಕೆ ಅಂತ ಓದಿದ್ನಲ್ಲ, ಅವತ್ತಿಂದ ನಿದ್ದೆ ಇಲ್ಲ.”

ಚಿಕ್ಕ ಡಾಕ್ಟರು ಎಕ್ಸ್‌ರೇ ತೆಗೆದಳು. ಪರದೆಯ ಮೇಲೆ ಅದೇ ನೆರಳು. “ಹಲ್ಲು ಉಳಿಸ್ಕೋಬಹುದು ಅನ್ಸುತ್ತೆ ಮೇಡಂ. ಗ್ಯಾರಂಟಿ ಕೊಡೋಕಾಗಲ್ಲ. ಎರಡು ಮೂರು ಸಲ ಕೂರ್ಬೇಕಾಗತ್ತೆ, ಆಮೇಲೆ ಕ್ಯಾಪು. ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ.”

“ಹಾಗಾದ್ರೆ ಆರು ತಿಂಗಳು ನೀನು ಇಲ್ಲೇ ಇರ್ಬೇಕಲ್ಲಮ್ಮ” ಎಂದಳು ಅಕ್ಕ. “ಬೇರೆಯವರ ಕೈಗೆ ನನ್ನ ಬಾಯಿ ಕೊಡಲ್ಲ. ಇರ್ತೀಯಾ?”

ಚಿಕ್ಕ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಲೇ ತಲೆಯಾಡಿಸಿದಳು.

ನಾನು ಹೊರಗೆ ಬಂದು ಪುಸ್ತಕ ತೆರೆದೆ. ಎರಡನೇ ಕುರ್ಚಿಯ ಸಾಲಿನಲ್ಲಿ ಅಕ್ಕನ ಹೆಸರು ಬರೆದೆ. ಕೊನೆಯ ಅಂಕಣಕ್ಕೆ ಬಂದಾಗ ನಿಯಮದ ಪ್ರಕಾರ ಕೂಗಿ ಕೇಳಿದೆ: “ನಮ್ಮ ಕ್ಲಿನಿಕ್ಕಿನ ವಿಷಯ ನಿಮಗೆ ಹೇಗೆ ತಿಳೀತು?”

“ತಂಗಿ ಬರೆದಿದ್ದನ್ನ ಓದಿ” ಎಂದು ಒಳಗಿನಿಂದ ಕೇಳಿಸಿತು. ಮರುಕ್ಷಣವೇ, “ಪುಟದಲ್ಲಿ ಹಾಕ್ಬೇಡ ಮತ್ತೆ. ರೋಗಿಯ ಹೊಗಳಿಕೆ ಆಗತ್ತೆ” ಎಂದಳು.

ಹಾಕಲಿಲ್ಲ. ಪುಸ್ತಕದಲ್ಲಿ ಮಾತ್ರ ಬರೆದುಕೊಂಡೆ.