ಎರಡು ಎತ್ತಿನ ರಬ್ಬರ್ ಸ್ಟಾಂಪು

ಸಿಂದಗಿ ಬಸ್ ನಿಲ್ದಾಣದ ಎದುರು ಶಬಾನಾಳ ರಬ್ಬರ್ ಸ್ಟಾಂಪಿನ ಅಂಗಡಿ. ಬೀಜದ ಅಂಗಡಿಯ ಪಾಲುದಾರರಾದ ರೇವಪ್ಪ, ಅಬ್ದುಲರಜಾಕ ಇಬ್ಬರೂ ತಮ್ಮ ಲೋಗೋ ಹಿಡಿದು ಬಂದರು. ಅದರಲ್ಲಿ ಒಂದು ಕೆಂದೆತ್ತು, ಅದಕ್ಕೆ ಒತ್ತಿ ನಿಂತ ಒಂದು ಬೂದು ಎತ್ತು. ಕೆಂಪು ಎತ್ತು ರೇವಪ್ಪನದು, ಬೂದು ಎತ್ತು ಅಬ್ದುಲರಜಾಕನದು.

“ಸ್ಟಾಂಪಿಗೆ ಒಂದ ಬಣ್ಣ ರೀ ಕಾಕಾ. ಮಸಿ ಹತ್ತತೈತಿ, ಇಲ್ಲಾ ಹತ್ತಂಗಿಲ್ಲ. ನಡುವಿನ ಬಣ್ಣ ಬರಂಗಿಲ್ಲ,” ಎಂದಳು ಶಬಾನಾ.

“ಹಂಗಾರ ಎರಡೂ ಕಪ್ಪ ಮಾಡವಾ,” ಎಂದ ರೇವಪ್ಪ.

ಮಾಡಿದಳು. ಕಂಪ್ಯೂಟರ್ ಪರದೆಯ ಮೇಲೆ ಎರಡು ತಲೆ, ಎಂಟು ಕಾಲಿನ ಒಂದೇ ದನ ನಿಂತಿತು.

ಆಗ ಬೂದು ಎತ್ತನ್ನು ಬರೀ ಗೆರೆಯಲ್ಲಿ ಬರೆದು ತೋರಿಸಿದಳು. ಅಬ್ದುಲರಜಾಕನಿಗೆ ಸಿಟ್ಟು ಬಂತು. “ಅವಂದು ಮೈ ತುಂಬೈತಿ, ನಂದು ಖಾಲಿ. ನಾ ಮೇವು ಹಾಕಿಲ್ಲ ಅಂತಾರ ಮಂದಿ!”

ಶಬಾನಾ ಎರಡನ್ನೂ ಮತ್ತೆ ಕಪ್ಪು ಮಾಡಿ ನಡುವೆ ಬಿಳಿ ಗೆರೆ ಬಿಟ್ಟಳು. ಗೆರೆ ಸಣ್ಣದಾದರೆ ಮಸಿ ತುಂಬಿ ಎತ್ತುಗಳು ಕೂಡಿಕೊಳ್ಳುತ್ತವೆಂದು ದಪ್ಪಗೇ ಬಿಟ್ಟಳು. ಇಬ್ಬರೂ ಒಪ್ಪಿದರು.

ಮರುದಿನ ಶಬಾನಾಳ ಅಂಗಡಿಯಲ್ಲೇ ರೇವಪ್ಪ ಹೊಸ ಸ್ಟಾಂಪನ್ನು ಹಾಳೆಯ ಮೇಲೆ ಒತ್ತಿದ. ಎತ್ತುಗಳು ಬೇರೆಬೇರೆಯಾಗಿ ಚೊಕ್ಕ ಮೂಡಿದವು.

“ಮುಂದಿಂದು ನಂದು,” ಎಂದ ರೇವಪ್ಪ.

“ನಿಂದ್ಯಾಕ? ಕೋಡ ನೋಡು, ಅದು ನಂದ!” ಎಂದ ಅಬ್ದುಲರಜಾಕ.

ಇಬ್ಬರೂ ಹಾಳೆ ಎಳೆದಾಡಿದರು. ಕೊನೆಗೆ ರೇವಪ್ಪ ಕೈಚಾಚಿದ. “ಕೆಂಪ ಮಸಿ ಪ್ಯಾಡ್ ಕೊಡವಾ ಶಬಾನಾ. ಎರಡೂ ನನ್ನೂವ ಆಗ್ಲಿ!”