ಎರಡನೆಯ ಲೇಖಕರ ವಿಷಯ

ಸಂಶೋಧನಾ ಪತ್ರಿಕೆಗೆ ಪ್ರಬಂಧ ಕಳಿಸುವಾಗ ಸಂಪಾದಕರಿಗೆ ಬರೆಯುವ ಕವರ್ ಲೆಟರ್ ಒಂದು ಪುಟ ದಾಟಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಿದ್ಯಾರ್ಥಿಗಳಿಗೆ ಅದನ್ನು ಹೇಳಿಕೊಡುತ್ತಿದ್ದವಳೂ ಅವಳೇ. ಆದರೂ ಆ ಬೆಳಿಗ್ಗೆ ಮೇಡಂ ಅವರ ಮೇಜಿನ ಮೇಲೆ ಅವಳು ಇಟ್ಟ ಪತ್ರ ಎರಡೂವರೆ ಪುಟವಿತ್ತು.

ಮೇಡಂ ಪ್ರಯೋಗಾಲಯದ ಮುಖ್ಯಸ್ಥೆ, ಈ ಪ್ರಬಂಧದ ಮೂರನೆಯ ಲೇಖಕಿ. ಬೇರೊಂದು ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಬಹಳ ಕಾಲ ಇದ್ದವರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಪೆನ್ಸಿಲ್ ಹಿಡಿದು ಓದತೊಡಗಿದರು. ಮೊದಲ ಪುಟದಲ್ಲಿ ಪೆನ್ಸಿಲ್ ಅಲ್ಲಾಡಲಿಲ್ಲ. ಎರಡನೆಯ ಪುಟದ ನಡುವೆ ನಿಂತಿತು.

"ಇದನ್ನ ಯಾರಿಗೆ ಬರೆದಿದ್ದೀಯ?"

"ಸಂಪಾದಕರಿಗೆ, ಮೇಡಂ."

"ಅವರಿಗೆ ಬರೆದ ಹಾಗಿಲ್ಲವಲ್ಲ ಕಣೇ."

ಅವಳ ಕೆಲಸ ಕೆರೆಯ ತಳದ ಕೆಸರು. ತೆಪ್ಪದ ಮೇಲೆ ನಿಂತು ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ, ಪದರ ಕದಡದಂತೆ ಕೆಸರನ್ನು ಮೇಲೆತ್ತುವುದು. ಪದರ ಪದರವಾಗಿ ಕತ್ತರಿಸಿ, ಅದರೊಳಗಿನ ಪರಾಗದ ಕಣಗಳನ್ನೂ ಇದ್ದಿಲ ಚೂರುಗಳನ್ನೂ ಸೂಕ್ಷ್ಮದರ್ಶಕದಡಿ ಎಣಿಸುವುದು. ಯಾವ ಕಾಲದಲ್ಲಿ ಸುತ್ತ ಕಾಡಿತ್ತು, ಯಾವಾಗ ಬೆಂಕಿ ಬಿತ್ತು, ಯಾವಾಗ ಹುಲ್ಲು ಬಂತು ಎಂಬುದನ್ನೆಲ್ಲ ಕೆಸರು ಹೇಳುತ್ತದೆ. ಹಾಗಾಗಿ ಅವಳಿಗೆ ಕೆಸರಮ್ಮ ಎಂದು ಹೆಸರು ಬಿತ್ತು. ಆ ಹೆಸರಿಟ್ಟವನು ಎರಡನೆಯ ಲೇಖಕ. ಅವನು ಕಂಪ್ಯೂಟರಿನಲ್ಲಿ ಹಳೆಯ ಕಾಲದ ಮಳೆಯನ್ನು ಲೆಕ್ಕ ಹಾಕಿ ತೋರಿಸುವವನು. ಅದಕ್ಕೆ ಪ್ರತೀಕಾರವಾಗಿ ಅವಳು ಅವನನ್ನು ಮೋಡಪ್ಪ ಎಂದು ಕರೆದಳು. ಪಕ್ಕದ ಕೋಣೆಯಲ್ಲಿದ್ದ ಮೋಡಪ್ಪ ಮೂರು ವರ್ಷದ ಹಿಂದೆ ದೂರದ ಊರಿನ ಸಂಸ್ಥೆಗೆ ಹೋದ. ಹೋಗುವ ದಿನ ಇಬ್ಬರೂ ಪ್ರಬಂಧದ ಚಿತ್ರಗಳಲ್ಲಿನ ಅಕ್ಷರದ ಗಾತ್ರದ ಬಗ್ಗೆ ಮಾತಾಡಿದರು. ಬೇರೇನೂ ಮಾತಾಡಲಿಲ್ಲ.

ಪ್ರಬಂಧದ ಮೊದಲ ರೂಪದಲ್ಲಿ ಅವನ ಮಳೆಯ ಲೆಕ್ಕ ಮುಂದೆ, ಅವಳ ಕೆಸರು ಹಿಂದೆ ಇತ್ತು. ಪತ್ರಿಕೆ ನೇಮಿಸಿದ ವಿಮರ್ಶಕರಿಬ್ಬರೂ ಒಂದೇ ಮಾತು ಹೇಳಿದ್ದರು: ಇಲ್ಲಿ ಎರಡು ಪ್ರಬಂಧಗಳನ್ನು ಸೇರಿಸಿ ಹೊಲಿದಿದ್ದಾರೆ. ಮಳೆಯ ಲೆಕ್ಕದಲ್ಲಿ ಭೂಮಿಯನ್ನು ಹಂಚಿದ ಒಂದೊಂದು ಚೌಕವೂ ಇಂಥ ನೂರು ಕೆರೆಗಳನ್ನು ನುಂಗುವಷ್ಟು ದೊಡ್ಡದು. ಅದನ್ನಿಟ್ಟುಕೊಂಡು ಒಂದು ಪುಟ್ಟ ಕೆರೆಯ ಕಥೆ ಹೇಳಲಾಗದು. ಸಂಪಾದಕರು ಪ್ರಬಂಧವನ್ನು ತಿರಸ್ಕರಿಸಿದ್ದರು, ಆದರೆ ಬಾಗಿಲು ಮುಚ್ಚಿರಲಿಲ್ಲ. ಒಂದೇ ಪ್ರಶ್ನೆಯ ಸುತ್ತ ಮತ್ತೆ ಕಟ್ಟಿ, ಮಳೆಯ ಭಾಗವನ್ನು ಬೇರೆ ಪ್ರಬಂಧಕ್ಕೆ ಬಿಟ್ಟು ಕಳಿಸಿದರೆ ಹೊಸ ಸಲ್ಲಿಕೆಯಾಗಿ ಪರಿಗಣಿಸುತ್ತೇವೆ ಎಂದು ಬರೆದಿದ್ದರು.

ಅವಳು ಕಟ್ಟಿದ್ದಳು. ಬೆಂಕಿ ಮೊದಲೋ, ಬರ ಮೊದಲೋ ಎಂಬುದೊಂದೇ ಪ್ರಶ್ನೆ. ಕೆಸರಿನ ದಾಖಲೆಯನ್ನು ಮುಂದಕ್ಕೆ ತಂದಿದ್ದಳು. ಪದರಗಳ ವಯಸ್ಸಿನಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬ ಲೆಕ್ಕವನ್ನು ಅನುಬಂಧದಿಂದ ಎತ್ತಿ ಮುಖ್ಯ ಪಠ್ಯಕ್ಕೆ ಸೇರಿಸಿದ್ದಳು. ಎಲ್ಲ ಸರಿಯಿತ್ತು. ಆದರೆ ಕೊನೆಯಲ್ಲಿ "ವಿಶಾಲ ಹಿನ್ನೆಲೆ" ಎಂಬ ಹೊಸ ವಿಭಾಗ ಮಾಡಿ ಮೋಡಪ್ಪನ ಒಂದು ಚಿತ್ರವನ್ನು ಉಳಿಸಿಕೊಂಡಿದ್ದಳು. ಅದನ್ನು ಯಾಕೆ ಉಳಿಸಿದೆ ಎಂದು ಸಮರ್ಥಿಸಲು ಕವರ್ ಲೆಟರಿನಲ್ಲಿ ಒಂದೂವರೆ ಪುಟ ಹೋಗಿತ್ತು.

"ಅವರು ಬೇಡ ಅಂತ ಪಕ್ಕಕ್ಕಿಟ್ಟಿದ್ದನ್ನೇ ಬೇರೆ ತಟ್ಟೇಲಿ ಬಡಿಸಿದ್ದೀಯಲ್ಲೇ," ಎಂದರು ಮೇಡಂ.

"ಚಿತ್ರ ಚೆನ್ನಾಗಿದೆ ಮೇಡಂ."

"ಚಿತ್ರ ಚೆನ್ನಾಗಿದೆಯೋ, ಬರೆದವನು ಚೆನ್ನಾಗಿದ್ದಾನೋ?"

ಮೇಡಂ ಪೆನ್ಸಿಲ್ ಕೆಳಗಿಟ್ಟರು. ದನಿ ಇಳಿಸಿ ಹೇಳಿದರು: "ನೋಡಮ್ಮ, ನಾನೂ ಆ ಕುರ್ಚೀಲಿ ಕೂತವಳು. ಸಂಪಾದಕ ಈ ಪತ್ರಕ್ಕೆ ಕೊಡೋದು ನಾಲ್ಕು ನಿಮಿಷ. ಹಳೇ ಪ್ರಬಂಧದ ಸಂಖ್ಯೆ ಎಷ್ಟು, ಏನು ಬದಲಾಯ್ತು, ಯಾಕೆ, ಏನು ಬದಲಾಗಿಲ್ಲ, ಅದಕ್ಕೆ ಕಾರಣ ಏನು. ಅಷ್ಟೇ. ಒಂದೊಂದು ಟೀಕೆಗೂ ಉತ್ತರ ಹೇಳೋಕೆ ಬೇರೆ ಕಡತ ಇದೆ. ಈ ವಿಭಾಗ ಇಟ್ಟರೆ ಅದೇ ವಿಮರ್ಶಕರ ಕೈಗೇ ಹೋಗತ್ತೆ, ಅವರು ಮೊದಲು ನೋಡೋದೇ ಅದನ್ನ. ಮೂರು ವರ್ಷದ ಕೆಲಸ ನೀರಲ್ಲಿ ಹೋಗತ್ತೆ."

"ಚಿತ್ರ ತೆಗೆದರೆ ಮೋಡಪ್ಪನವರದು ಅಂತ ಇದರಲ್ಲಿ ಏನೂ ಉಳಿಯಲ್ಲ."

"ಹೌದು. ಆಗ ಹೆಸರಿನ ಪ್ರಶ್ನೆ ಬರತ್ತೆ. ಅದನ್ನ ನಾನಾಗಲಿ ನೀನಾಗಲಿ ತೀರ್ಮಾನ ಮಾಡೋ ಹಾಗಿಲ್ಲ. ಅವನನ್ನೇ ಕೇಳು. ಇಷ್ಟು ದಿನ ಕೇಳಿಲ್ಲ ತಾನೆ?"

ಕೇಳಿರಲಿಲ್ಲ. ಮೋಡಪ್ಪನಿಗೆ ಅವಳು ಕಳಿಸಿದ್ದು ಸಂಪಾದಕರ ನಿರ್ಣಯ ಮಾತ್ರ. ಹೊಸ ರೂಪವನ್ನು "ಇನ್ನೂ ತಿದ್ದುತ್ತಿದ್ದೇನೆ" ಎಂದು ತಡೆಹಿಡಿದಿದ್ದಳು. ನಿಜ ಹೇಳಬೇಕೆಂದರೆ ತಿದ್ದುಪಡಿ ಎಂಬುದು ಅವಳಿಗೆ ಬೇಕಾಗಿಯೇ ಇತ್ತು. ಪ್ರಬಂಧ ಎಲ್ಲಿಂದಲಾದರೂ ವಾಪಸು ಬಂದಾಗ ಅವನು ಫೋನ್ ಮಾಡುತ್ತಿದ್ದ. ವಿಮರ್ಶಕರನ್ನು ಬೈದುಕೊಳ್ಳುತ್ತ ಇಬ್ಬರೂ ಅರ್ಧ ಗಂಟೆ ನಗುತ್ತಿದ್ದರು. ಮೊದಲ ಬಾರಿ ತಿರಸ್ಕಾರದ ಪತ್ರ ಓದಿದಾಗ ತನಗೆ ಸಂತೋಷವಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪ್ರಬಂಧ ಅಚ್ಚಾಗದೆ ಇರುವಷ್ಟು ದಿನ ಅವನು ಅವಳ ಎರಡನೆಯ ಲೇಖಕ. ಅಚ್ಚಾದರೂ ಲೇಖಕರ ಸಾಲಿನಲ್ಲಿ ಅವಳ ಹೆಸರಿನ ಪಕ್ಕ ಅವನ ಹೆಸರು, ನಡುವೆ ಒಂದು ಅಲ್ಪವಿರಾಮ. ಅಷ್ಟಾದರೂ ಇರಲಿ ಎಂದು ಅವಳು ಆಸೆಪಟ್ಟಿದ್ದಳು.

ತನ್ನ ಕೋಣೆಗೆ ಬಂದು ಚಿತ್ರವಿಲ್ಲದ ರೂಪವನ್ನು ಕಳಿಸಿದಳು. ಮಧ್ಯಾಹ್ನ ಅವನೇ ಫೋನ್ ಮಾಡಿದ. ಹಿಂದೆ ರೈಲಿನ ಸದ್ದಿತ್ತು.

"ಓದಿದೆ ಕೆಸರಮ್ಮನವರೇ. ನಿಂತುಕೊಂಡೇ ಓದಿದೆ, ಸೀಟು ಸಿಗಲಿಲ್ಲ. ಅದ್ಭುತವಾಗಿದೆ ಕಣ್ರೀ."

"ನಿಮ್ಮ ಭಾಗ ಪೂರ್ತಿ ಹೋಯ್ತು."

"ಹೋಗಲೇಬೇಕಿತ್ತು. ನನ್ನ ಮೋಡ ನಿಮ್ಮ ಕೆರೆ ಮೇಲೆ ಕೂತು ಉಸಿರು ಕಟ್ಟಿಸ್ತಿತ್ತು. ಈಗ ನೋಡಿ, ಇದ್ದಿಲು ಮೊದಲು ಏರತ್ತೆ, ಆಮೇಲೆ ಮರದ ಪರಾಗ ಇಳಿಯತ್ತೆ. ಕಣ್ಣಿಗೆ ಕಟ್ಟಿದ ಹಾಗೆ ಕಾಣತ್ತೆ." ಸ್ವಲ್ಪ ತಡೆದು, "ನನ್ನ ಹೆಸರು ತೆಗೆದುಬಿಡಿ," ಎಂದ.

"ಯಾಕೆ? ಎರಡು ಸಲ ಬಂದು ತೆಪ್ಪದ ಮೇಲೆ ನಿಂತು ಕೊಳವೆ ಎಳೆದಿದ್ದೀರಿ."

"ಕೊಳವೆ ಎಳೆದವರೆಲ್ಲ ಲೇಖಕರಾದರೆ ತೆಪ್ಪ ಬಾಡಿಗೆಗೆ ಕೊಟ್ಟವನೂ ಲೇಖಕನೇ. ಅವನು ಕೈ ಕೆಸರು ಮಾಡ್ಕೊಂಡಿದ್ದು ನನಗಿಂತ ಜಾಸ್ತಿ."

"ಚರ್ಚೆಯ ಭಾಗದಲ್ಲಿ ಬರಗಾಲದ ಬಗ್ಗೆ ಒಂದು ಪ್ಯಾರಾ ನೀವು ಬರೆದುಕೊಡಿ. ಆಗ ಹೆಸರು ಇಡಬಹುದು."

"ಹೆಸರಿಗೋಸ್ಕರ ಪ್ಯಾರಾನಾ?" ಅವನು ನಕ್ಕ. ನಗು ಬೇಗ ನಿಂತಿತು. "ಬೇಡ ಕಣ್ರೀ. ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದರೆ ನೀವೇ ಬಿಡ್ತಿರಲಿಲ್ಲ. ಮಳೆ ಲೆಕ್ಕವನ್ನ ನಮ್ಮ ಸಂಸ್ಥೆಯವರ ಜೊತೆ ಬೇರೆಯಾಗಿ ಬರೀತೀನಿ. ನಿಮ್ಮದು ಅಚ್ಚಾದ ಮೇಲೆ ಅದರಲ್ಲಿ ಉಲ್ಲೇಖ ಮಾಡ್ತೀನಿ."

"ಉಲ್ಲೇಖ ಮಾಡ್ತೀರಾ."

"ಮಾಡದೆ?"

ರೈಲು ಯಾವುದೋ ಸೇತುವೆ ದಾಟುವ ಸದ್ದು ಬಂತು.

"ಆ ಎರಡನೇ ವಿಮರ್ಶಕನಿಗೆ ನಾವು ಥ್ಯಾಂಕ್ಸ್ ಹೇಳಬೇಕು," ಎಂದ ಅವನು. "ಅಷ್ಟು ಕಿರಿಕಿರಿ ಮಾಡದಿದ್ದರೆ ನಾವು ಇಷ್ಟು ಸಲ ಮಾತಾಡ್ತಾನೇ ಇರಲಿಲ್ಲ."

ಅದಕ್ಕೆ ಕೊಡಬೇಕಾದ ಉತ್ತರ ಬೇರೆಯಿತ್ತು. "ಒಪ್ಪಿಗೆಯನ್ನ ಮೇಲ್‌ನಲ್ಲಿ ಕಳಿಸಿ. ಸಂಪಾದಕರಿಗೆ ತೋರಿಸಬೇಕಾಗತ್ತೆ," ಎಂದಳು.

"ಈಗಲೇ ಕಳಿಸ್ತೀನಿ," ಎಂದ. ಸಂಜೆಯೊಳಗೆ ಮೇಲ್ ಬಂತು. ಎರಡು ಸಾಲು, ಕೆಳಗೆ ಪೂರ್ಣ ಹೆಸರು ಮತ್ತು ಹುದ್ದೆ.

ಮರುದಿನ ಅವಳು ಕವರ್ ಲೆಟರನ್ನು ಮೊದಲಿನಿಂದ ಬರೆದಳು. ಹಿಂದಿನ ಪ್ರಬಂಧದ ಸಂಖ್ಯೆ. ಒಂದೇ ಪ್ರಶ್ನೆಯ ಸುತ್ತ ಮರುರಚನೆ. ಮುಂದೆ ಬಂದದ್ದೇನು, ಬಿಟ್ಟದ್ದೇನು. ಕೆಳಗಿನ ಪದರಗಳಿಂದ ಇನ್ನಷ್ಟು ವಯಸ್ಸು ಪತ್ತೆಮಾಡಿ ಎಂದು ಒಬ್ಬ ವಿಮರ್ಶಕರು ಕೇಳಿದ್ದರು; ಅದಕ್ಕೆ ಬೇಕಾದ ಎಲೆ, ಬೀಜದ ಚೂರುಗಳು ಆ ಕೆಸರಿನಲ್ಲಿ ಉಳಿದಿಲ್ಲವೆಂದೂ, ಹಾಗಾಗಿ ಆ ಅವಧಿಯ ಬಗ್ಗೆ ನಮ್ಮ ವಾದವನ್ನೇ ತಗ್ಗಿಸಿದ್ದೇವೆಂದೂ ಸ್ಪಷ್ಟವಾಗಿ ಬರೆದಳು. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಇನ್ನು ಉಳಿದದ್ದು ಒಂದು ಪ್ಯಾರಾ. ಅದಕ್ಕೆ ಮಧ್ಯಾಹ್ನವಾಯಿತು.

"ಲೇಖಕರ ಪಟ್ಟಿಯಲ್ಲಿ ಒಂದು ಬದಲಾವಣೆಯಿದೆ. ಹಿಂದಿನ ಪ್ರಬಂಧದ ಎರಡನೆಯ ಲೇಖಕರು ಮಳೆಯ ಮಾದರಿಯ ಭಾಗವನ್ನು ಸಿದ್ಧಪಡಿಸಿದ್ದರು. ಆ ಭಾಗವನ್ನು ಕೈಬಿಟ್ಟಿರುವುದರಿಂದ, ಅವರ ಕೋರಿಕೆಯಂತೆ ಮತ್ತು ಎಲ್ಲರ ಒಪ್ಪಿಗೆಯಿಂದ, ಅವರ ಹೆಸರನ್ನು ತೆಗೆಯಲಾಗಿದೆ. ಅವರ ಒಪ್ಪಿಗೆ ಪತ್ರವನ್ನು ಲಗತ್ತಿಸಿದೆ. ಕ್ಷೇತ್ರಕಾರ್ಯದಲ್ಲಿ ಅವರ ನೆರವನ್ನು ಕೃತಜ್ಞತೆಯ ಭಾಗದಲ್ಲಿ ನೆನೆದಿದ್ದೇವೆ."

ಮೊದಲು "ಅಮೂಲ್ಯ ನೆರವು" ಎಂದು ಬರೆದಳು. ಅಳಿಸಿದಳು. "ಉದಾರ ನೆರವು" ಎಂದು ಬರೆದು ಅದನ್ನೂ ಅಳಿಸಿದಳು. ತೆಪ್ಪದ ಮೇಲೆ ಗಾಳಿಗೆ ಅವನ ಟೋಪಿ ಹಾರಿಹೋದದ್ದು, ಕೊಳವೆ ಬಿಟ್ಟರೆ ಪದರ ಕದಡುತ್ತದೆಂದು ಅವನು ಕೈಬಿಡದೆ, ನೀರಲ್ಲಿ ದೂರ ತೇಲಿಹೋಗುವ ಟೋಪಿಯನ್ನು ನೋಡುತ್ತ ನಿಂತದ್ದು ನೆನಪಾಯಿತು. ಅದಕ್ಕೆ ಸಂಪಾದಕರ ಪತ್ರದಲ್ಲಿ ಒಪ್ಪುವ ವಿಶೇಷಣವಿರಲಿಲ್ಲ. ಬರೀ ನೆರವು ಎಂದೇ ಬಿಟ್ಟಳು.

ಮೇಡಂ ಬಂದು ಅವಳ ಹೆಗಲ ಮೇಲಿಂದ ಓದಿದರು. "ಈಗ ಸರಿಯಾಯ್ತು," ಎಂದರು. ಒಂದು ಕ್ಷಣ ಕೈಯನ್ನು ಅವಳ ಹೆಗಲ ಮೇಲಿಟ್ಟು ತಮ್ಮ ಕೋಣೆಗೆ ಹೋದರು.

ಅವಳು ಕಡತಗಳನ್ನೆಲ್ಲ ಪತ್ರಿಕೆಯ ಜಾಲತಾಣಕ್ಕೆ ಏರಿಸಿದಳು. ಲೇಖಕರ ಹೆಸರು ತುಂಬುವ ಜಾಗದಲ್ಲಿ ತನ್ನದು, ಮೇಡಂ ಅವರದು. ಜೋಡಿಸಿದ ಪ್ರತಿಯನ್ನು ಕೊನೆಯವರೆಗೆ ಓದಿ, ಒಪ್ಪಿ, ಸಲ್ಲಿಸುವ ಗುಂಡಿ ಒತ್ತಿದಳು.

ಸಲ್ಲಿಕೆಯಾಯಿತೆಂಬ ಮೇಲ್ ತಕ್ಷಣ ಬಂತು. ಅದು ಎಲ್ಲ ಲೇಖಕರಿಗೂ ಏಕಕಾಲಕ್ಕೆ ಹೋಗುವಂಥದ್ದು. ಗೋಡೆಯಾಚೆ ಮೇಡಂ ಅವರ ಕಂಪ್ಯೂಟರ್ ಕೂಡ ಟಣ್ ಎಂದಿತು. ಹಿಂದೆಲ್ಲ ಆ ಸದ್ದಾದ ಸ್ವಲ್ಪ ಹೊತ್ತಿಗೇ ಅವಳ ಫೋನ್ ಹೊಡೆದುಕೊಳ್ಳುತ್ತಿತ್ತು. ಈ ಸಲ ಅವನಿಗೆ ಮೇಲ್ ಹೋಗಿಲ್ಲ ಎಂದು ಗೊತ್ತಿದ್ದೂ ಅವಳು ಕಾದಳು. ಕಿಟಕಿಯಾಚೆ ಸೈಕಲ್ ನಿಲ್ದಾಣದಿಂದ ಒಬ್ಬೊಬ್ಬರಾಗಿ ಮನೆಗೆ ಹೊರಟಿದ್ದರು. ಅವಳು ಸೂಕ್ಷ್ಮದರ್ಶಕಕ್ಕೆ ಹೊದಿಕೆ ಹಾಕಿದಳು. ಚೀಲ ತೆಗೆದುಕೊಂಡಳು. ಮತ್ತೆ ಕುರ್ಚಿಯಲ್ಲಿ ಕೂತು ಫೋನ್ ಕೈಗೆತ್ತಿಕೊಂಡಳು.

"ಏನಾಯ್ತು ಕೆಸರಮ್ಮ?" ಅವನ ದನಿಯಲ್ಲಿ ಗಾಬರಿ. "ಒಪ್ಪಿಗೆ ಪತ್ರದಲ್ಲಿ ಏನಾದರೂ ತಪ್ಪಾಯ್ತಾ?"

"ಇಲ್ಲ. ಸಲ್ಲಿಸಿದೆ."

"ಅಬ್ಬ! ಒಳ್ಳೇದಾಯ್ತು. ಮತ್ತೆ ಏನು ವಿಷಯ?"

"ವಿಷಯ ಏನೂ ಇಲ್ಲ," ಎಂದಳು ಅವಳು.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಬಾಗಿಲು ಮುಚ್ಚಿದ ಸದ್ದೂ ಆಯಿತು.

"ಹೇಳಿ," ಎಂದ ಅವನು.